ದಿನ ಹೆಚ್ಚಿದರೂ ದುಡ್ಡು ಹೆಚ್ಚಲಿಲ್ಲ: ಒಂದು ಜೀನ್ಸ್ ಘಟಕದ ನಗದು ಸುತ್ತಿನ ಲೆಕ್ಕ

ಲಾಭ ಇದೆ, ಆರ್ಡರ್ ಇದೆ, ಆದರೆ ಶನಿವಾರ ಹೊಲಿಗೆಯವರಿಗೆ ಕೊಡಲು ಕೈಯಲ್ಲಿ ದುಡ್ಡಿಲ್ಲ. ಸಣ್ಣ ಕಾರ್ಖಾನೆ ನಡೆಸುವವರಿಗೆ ಇದು ಹೊಸ ಕಥೆ ಅಲ್ಲ. ದುಡ್ಡು ಎಲ್ಲೂ ಕಳೆದುಹೋಗಿರುವುದಿಲ್ಲ. ಒಂದಷ್ಟು ಗೋಡೌನ್‌ನಲ್ಲಿ ಬಟ್ಟೆಯಾಗಿ ಕೂತಿರುತ್ತದೆ, ಇನ್ನೊಂದಷ್ಟು ಪಾರ್ಟಿಗಳ ಹತ್ತಿರ ಬಾಕಿಯಾಗಿ ನಿಂತಿರುತ್ತದೆ. ಬಟ್ಟೆ ಕೊಟ್ಟವರಿಗೆ ದುಡ್ಡು ಕೊಟ್ಟ ದಿನದಿಂದ ನಮ್ಮ ಮಾಲಿನ ದುಡ್ಡು ಬ್ಯಾಂಕಿಗೆ ಬಂದ ದಿನದವರೆಗೆ ಎಷ್ಟು ದಿನ ಹಿಡಿಯಿತು ಎಂದು ಎಣಿಸುವುದೇ ಕ್ಯಾಶ್ ಕನ್ವರ್ಷನ್ ಸೈಕಲ್. ಇಲ್ಲಿ ಅದನ್ನು ನಗದು ಸುತ್ತು ಎಂದು ಕರೆಯೋಣ.

ಸೂತ್ರ ಚಿಕ್ಕದು. ದಾಸ್ತಾನಿನ ದಿನಕ್ಕೆ ಬರಬೇಕಾದ ಬಾಕಿಯ ದಿನ ಕೂಡಿಸಿ, ಕೊಡಬೇಕಾದ ಬಾಕಿಯ ದಿನ ಕಳೆದರೆ ಆಯಿತು. ತೊಂದರೆ ಇರುವುದು ಅದಕ್ಕೆ ಹಾಕುವ ಅಂಕಿಗಳಲ್ಲಿ, ಬಂದ ಉತ್ತರವನ್ನು ಓದುವ ರೀತಿಯಲ್ಲಿ. ಬಳ್ಳಾರಿಯ ಒಂದು ಜೀನ್ಸ್ ಘಟಕವನ್ನು ಹಿಡಿದು ಪೂರ್ತಿ ಲೆಕ್ಕ ಮಾಡೋಣ. ಘಟಕ ಕಲ್ಪನೆಯದು. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಎಂದು ನಾನೇ ಇಟ್ಟಿದ್ದೇನೆ. ಆದರೆ ಡೆನಿಮ್ ಬಟ್ಟೆ ತರಿಸುವುದು, ಕಟಿಂಗ್, ಹೊಲಿಗೆ, ವಾಷಿಂಗ್, ಫಿನಿಶಿಂಗ್ ಮುಗಿಸಿ ಹೊರರಾಜ್ಯದ ಹೋಲ್‌ಸೇಲ್ ಪಾರ್ಟಿಗೆ ಉದ್ರಿಗೆ ಕಳಿಸುವುದು, ಈ ಸಾಲು ಆ ಊರಿನ ದಂಧೆಯದೇ.

ಮೊದಲು ಆರು ಅಂಕಿ ಬರೆದುಕೊಳ್ಳಿ

ವರ್ಷದ ಮೂರು ಅಂಕಿ ಬೇಕು. ನಮ್ಮ ಘಟಕದ ಮಾರಾಟ ₹3.65 ಕೋಟಿ. ಅಂದರೆ ದಿನಕ್ಕೆ ₹1 ಲಕ್ಷ. ಮಾರಿದ ಮಾಲಿಗೆ ಬಿದ್ದ ಅಸಲು, ಅಂದರೆ ಬಟ್ಟೆ, ಕೂಲಿ, ವಾಷಿಂಗ್, ಕರೆಂಟು ಎಲ್ಲ ಸೇರಿ ₹2.92 ಕೋಟಿ. ದಿನಕ್ಕೆ ₹80,000. ಉದ್ರಿಗೆ ಕೊಂಡ ಸರಕು ₹2.19 ಕೋಟಿ. ದಿನಕ್ಕೆ ₹60,000. ಈ ಖರೀದಿಯಲ್ಲಿ ಜಿಪ್, ಗುಂಡಿ, ದಾರವೂ ಇರುತ್ತದೆ. ಬಹುಪಾಲು ಡೆನಿಮ್ ಆದ್ದರಿಂದ ಎಲ್ಲವನ್ನೂ ಬಟ್ಟೆ ಎಂದೇ ಇಟ್ಟುಕೊಳ್ಳೋಣ.

ಇನ್ನು ಬಾಕಿಯ ಮೂರು ಅಂಕಿ. ಸರಾಸರಿ ದಾಸ್ತಾನು ₹44 ಲಕ್ಷ. ಪಾರ್ಟಿಗಳಿಂದ ಬರಬೇಕಾದ್ದು ₹72 ಲಕ್ಷ. ಬಟ್ಟೆಯವರಿಗೆ ಕೊಡಬೇಕಾದ್ದು ₹24 ಲಕ್ಷ.

ಈಗ ಪ್ರತಿಯೊಂದನ್ನೂ ಅದಕ್ಕೆ ಸೇರಿದ ದಿನದ ಅಂಕಿಯಿಂದ ಭಾಗಿಸಿ. ಲಕ್ಷದಲ್ಲಿ ಬರೆದರೆ ಹೀಗೆ:

```
ದಾಸ್ತಾನಿನ ದಿನ = 44 / 292 × 365 = 55
ಬರಬೇಕಾದ ದಿನ  = 72 / 365 × 365 = 72
ಕೊಡಬೇಕಾದ ದಿನ = 24 / 219 × 365 = 40
ನಗದು ಸುತ್ತು   = 55 + 72 - 40 = 87
```

ದಾಸ್ತಾನನ್ನು ಅಸಲಿನಿಂದ ಭಾಗಿಸಬೇಕು, ಮಾರಾಟದಿಂದ ಅಲ್ಲ. ಏಕೆಂದರೆ ಗೋಡೌನ್‌ನಲ್ಲಿರುವ ಪ್ಯಾಂಟಿನ ಬೆಲೆಯನ್ನು ನಾವು ಬರೆದಿರುವುದು ಅಸಲಿನಲ್ಲಿ. ಅದರಲ್ಲಿ ಲಾಭ ಇನ್ನೂ ಸೇರಿಲ್ಲ. ಕೊಡಬೇಕಾದ ಬಾಕಿಗೆ ಖರೀದಿ ಸರಿಯಾದ ಆಧಾರ. ಎಷ್ಟೋ ಕಡೆ ಅದಕ್ಕೂ ಅಸಲನ್ನೇ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಇಲ್ಲಿ 40ರ ಬದಲು 30 ದಿನ ಬರುತ್ತದೆ. ಬಟ್ಟೆಯವರಿಗೆ ನಿಜವಾಗಿ 40 ದಿನಕ್ಕೆ ಕೊಡುತ್ತಿದ್ದೀರಿ, ಲೆಕ್ಕ ಮಾತ್ರ 30 ಎನ್ನುತ್ತದೆ. ಹೊರಗಿನವರು ಬೇರೆ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡುವಾಗ ಖರೀದಿ ಅಂಕಿ ಸಿಗದೆ ಹಾಗೆ ಮಾಡುವುದುಂಟು. ನಿಮ್ಮದೇ ಪುಸ್ತಕ ನಿಮ್ಮ ಕೈಯಲ್ಲಿದೆ, ನಿಮಗೆ ಆ ಅಡ್ಡದಾರಿ ಬೇಡ.

ಜಿಎಸ್‌ಟಿ ಕಳೆದಿದ್ದೀರಾ?

ಲೆಡ್ಜರ್‌ನಲ್ಲಿ ಪಾರ್ಟಿಯ ಬಾಕಿ ಜಿಎಸ್‌ಟಿ ಸೇರಿಯೇ ಕೂತಿರುತ್ತದೆ. ಮಾರಾಟದ ಖಾತೆಯಲ್ಲಿ ಮಾತ್ರ ತೆರಿಗೆ ಇರುವುದಿಲ್ಲ. ಎರಡನ್ನೂ ಹಾಗೇ ಎತ್ತಿಕೊಂಡು ಭಾಗಿಸಿದರೆ ದಿನ ಸುಮ್ನೆ ಉಬ್ಬುತ್ತದೆ. ನಮ್ಮ ಮಾಲಿಗೆ ಶೇಕಡಾ 5 ಎಂದರೆ ₹72 ಲಕ್ಷದ ಬಾಕಿ ಲೆಡ್ಜರ್‌ನಲ್ಲಿ ₹75.6 ಲಕ್ಷ ಎಂದು ಕಾಣುತ್ತದೆ. ದಿನ 72ರ ಬದಲು 75.6. ಶೇಕಡಾ 18ರ ಸರಕು ಮಾರುವವರಿಗೆ ಇದೇ 72 ಸುಮಾರು 85 ಆಗಿಬಿಡುತ್ತದೆ. ಬಾಕಿಯನ್ನು 1.05ರಿಂದ ಅಥವಾ 1.18ರಿಂದ ಭಾಗಿಸಿ ತೆರಿಗೆ ತೆಗೆದು ನಂತರ ಲೆಕ್ಕಕ್ಕೆ ಇಳಿಯಿರಿ. ಬಟ್ಟೆಯವರ ಬಾಕಿಗೂ ಹಾಗೇ ಮಾಡಿ.

ಮಾರ್ಚ್ 31ರ ಅಂಕಿ ನಂಬಬೇಡಿ

ಮಾರ್ಚ್ ಕೊನೆಗೆ ಎಲ್ಲರೂ ಗೋಡೌನ್ ಖಾಲಿ ಮಾಡುತ್ತಾರೆ, ಪಾರ್ಟಿಗಳ ಹಿಂದೆ ಬಿದ್ದು ವಸೂಲಿ ಮಾಡುತ್ತಾರೆ. ನಮ್ಮ ಘಟಕದಲ್ಲಿ ಆ ದಿನ ದಾಸ್ತಾನು ₹30 ಲಕ್ಷ, ಬಾಕಿ ₹60 ಲಕ್ಷ ಇತ್ತು ಎಂದುಕೊಳ್ಳಿ. ಅದನ್ನೇ ಹಿಡಿದರೆ ದಾಸ್ತಾನು 37 ದಿನ ಚಿಲ್ಲರೆ, ಬಾಕಿ 60 ದಿನ. ವರ್ಷವಿಡೀ ಪರದಾಡಿದ ಮಾಲೀಕರಿಗೆ ಈ ಕಾಗದ ನೋಡಿದರೆ ಇದು ಬೇರೆ ಯಾರದೋ ಅಂಗಡಿ ಅನ್ನಿಸುತ್ತದೆ. ಹನ್ನೆರಡು ತಿಂಗಳ ಕೊನೆಯ ದಿನದ ಅಂಕಿ ತೆಗೆದು ಸರಾಸರಿ ಮಾಡಿ. ಮೇಲೆ ನಾನು ಹಾಕಿದ 44, 72, 24 ಹಾಗೆ ಬಂದವು.

ವರ್ಷದ ಚಿತ್ರಕ್ಕೆ ಸರಾಸರಿ ಸಾಕು. ಆದರೆ ಈ ತಿಂಗಳು ವಸೂಲಿ ಸುಧಾರಿಸಿತಾ, ಕೆಟ್ಟಿತಾ ಎಂದು ಕೇಳಿದರೆ ಅದು ಉತ್ತರ ಕೊಡುವುದಿಲ್ಲ. ದಸರಾ, ದೀಪಾವಳಿ ದಂಧೆ ಇರುವ ಕಡೆ ಇನ್ನೂ ಕಷ್ಟ. ಅಕ್ಟೋಬರ್ ಕೊನೆಗೆ ಬಾಕಿ ₹98 ಲಕ್ಷ ಇದೆ ಎನ್ನಿ. ದಿನಕ್ಕೆ ₹1 ಲಕ್ಷದ ಲೆಕ್ಕದಲ್ಲಿ ಅದು 98 ದಿನ. ಎದೆ ಧಸಕ್ ಎನ್ನುತ್ತದೆ. ಅಕ್ಟೋಬರ್ ಒಂದರ ಮಾರಾಟ ₹52 ಲಕ್ಷ ಇತ್ತು, ಅದರಿಂದ ಭಾಗಿಸಿದರೆ 58 ದಿನ. ಆಗ ಖುಷಿಯಾಗುತ್ತದೆ. ಎರಡೂ ತಪ್ಪು.

ಇಂಥ ಕಡೆ ಹಿಂದಕ್ಕೆ ಎಣಿಸಬೇಕು. ₹98 ಲಕ್ಷದಲ್ಲಿ ಅಕ್ಟೋಬರ್ ಮಾರಾಟ ₹52 ಲಕ್ಷ ಕಳೆಯಿರಿ. ಉಳಿದದ್ದು 46, ಎಣಿಸಿದ್ದು 31 ದಿನ. ಅದರಲ್ಲಿ ಸೆಪ್ಟೆಂಬರ್ ಮಾರಾಟ ₹38 ಲಕ್ಷ ಕಳೆಯಿರಿ. ಉಳಿದದ್ದು 8, ಎಣಿಸಿದ್ದು ಇನ್ನೂ 30 ದಿನ. ಆಗಸ್ಟ್ ಮಾರಾಟ ₹24 ಲಕ್ಷ. ಅದರಲ್ಲಿ 8 ಅಂದರೆ ಮೂರನೇ ಒಂದು ಭಾಗ, ಸುಮಾರು 10 ದಿನ. ಒಟ್ಟು 71 ದಿನ. ಅಂದರೆ ವಸೂಲಿ ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ಸೀಸನ್ ಮಾರಾಟ ಜಾಸ್ತಿಯಾಗಿ ಬಾಕಿ ಉಬ್ಬಿದೆ, ಅಷ್ಟೇ. ಪಾರ್ಟಿಗಳ ಮೇಲೆ ರೇಗುವ ಮೊದಲು ಈ ಎಣಿಕೆ ಮಾಡಿಕೊಂಡರೆ ಒಳ್ಳೆಯದು.

ಮೂರು ದಿನಗಳೂ ಒಂದೇ ಬೆಲೆಯವಲ್ಲ

ಈಗ ಮುಖ್ಯ ಮಾತಿಗೆ ಬರೋಣ. 87 ದಿನ ಎಂದು ಉತ್ತರ ಬಂತು. ದಿನಗಳನ್ನು ಬಿಟ್ಟು ರೂಪಾಯಿಯಲ್ಲಿ ನೋಡಿ. ಸಿಕ್ಕಿಬಿದ್ದ ದುಡ್ಡು 44 + 72 − 24, ಅಂದರೆ ₹92 ಲಕ್ಷ. ನಿಮ್ಮ ದುಡಿಯುವ ಬಂಡವಾಳ ಅದು.

ದಿನಕ್ಕೆ ₹1 ಲಕ್ಷ ಮಾರಾಟ, 87 ದಿನದ ಸುತ್ತು ಎಂದ ಮೇಲೆ ₹87 ಲಕ್ಷ ಬರಬೇಕಿತ್ತಲ್ವಾ? ಬರುವುದಿಲ್ಲ. ಏಕೆಂದರೆ ಕೂಡಿಸಿ ಕಳೆದ ಮೂರು ದಿನಗಳ ಬೆಲೆ ಬೇರೆ ಬೇರೆ. ಬರಬೇಕಾದ ಬಾಕಿಯ ಒಂದು ದಿನ ಎಂದರೆ ₹1 ಲಕ್ಷ. ದಾಸ್ತಾನಿನ ಒಂದು ದಿನ ₹80,000. ಕೊಡಬೇಕಾದ ಬಾಕಿಯ ಒಂದು ದಿನ ₹60,000 ಮಾತ್ರ. ವಸೂಲಿಯನ್ನು 6 ದಿನ ಬೇಗ ಮಾಡಿದರೆ ₹6 ಲಕ್ಷ ಕೈಗೆ ಬರುತ್ತದೆ. ಅಷ್ಟೇ ದುಡ್ಡು ಬಟ್ಟೆಯವರಿಂದ ಎಳೆಯಬೇಕಾದರೆ ಅವರನ್ನು ಇನ್ನೂ 10 ದಿನ ಕಾಯಿಸಬೇಕು.

ಹಾಗಾಗಿ ನಿಮ್ಮ ಘಟಕದ ಈ ಮೂರು ಬೆಲೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಡಿ. ಸೂತ್ರದ ಒಟ್ಟು ಉತ್ತರಕ್ಕಿಂತ ದಿನನಿತ್ಯದ ತೀರ್ಮಾನಕ್ಕೆ ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಮುಂದಿನ ಹೆಜ್ಜೆಗಳೆಲ್ಲ ಇವನ್ನು ಹಿಡಿದೇ ನಡೆಯುತ್ತವೆ.

ದಾಸ್ತಾನಿನ 55 ದಿನ ಬಿಚ್ಚಿ ನೋಡಿ

₹44 ಲಕ್ಷ ಎಂದು ಒಂದೇ ಗುಡ್ಡೆಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ನಮ್ಮ ಘಟಕದಲ್ಲಿ ಬಟ್ಟೆ ಥಾನ್ ₹16 ಲಕ್ಷ, ಅರ್ಧ ಆದ ಮಾಲು ₹8 ಲಕ್ಷ, ರೆಡಿ ಪ್ಯಾಂಟು ₹20 ಲಕ್ಷ. ಅಸಲಿನ ಲೆಕ್ಕದಲ್ಲಿ ಕ್ರಮವಾಗಿ 20, 10, 25 ದಿನ.

ಅರ್ಧ ಆದ ಮಾಲಿನ 10 ದಿನವನ್ನು ಮೊದಲು ನೋಡಿ. ಒಂದು ಲಾಟ್ ಕಟಿಂಗ್ ಮೇಜಿನಿಂದ ಹೊಲಿಗೆ ದಾಟಿ, ವಾಷಿಂಗ್ ಮುಗಿಸಿ, ಗುಂಡಿ ಹೊಡೆದು, ಇಸ್ತ್ರಿ ಆಗುವ ಕೆಲಸಕ್ಕೆ ಇಷ್ಟು ದಿನ ಬೇಡ. ಉಳಿದದ್ದು ಕಾಯುವ ಹೊತ್ತು. ಎಲ್ಲಿ ಕಾಯುತ್ತಿದೆ ಎಂದು ತಿಳಿಯಲು ಲಾಟ್ ಚೀಟಿಯ ಮೇಲೆ ಪ್ರತಿ ವಿಭಾಗಕ್ಕೆ ಬಂದ ತಾರೀಕು, ಹೋದ ತಾರೀಕು ಎರಡನ್ನೂ ಬರೆಸಿ. ಬಹಳ ಕಡೆ ಹೋದ ತಾರೀಕು ಮಾತ್ರ ಬರೆಯುತ್ತಾರೆ. ಬಂದ ತಾರೀಕಿಲ್ಲದೆ ಮಾಲು ಎಷ್ಟು ದಿನ ಸುಮ್ಮನೆ ಕೂತಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಗಂಟು ಸಿಗುವುದು ವಾಷಿಂಗ್ ಮುಂದೆ. ಒಂದೇ ಶೇಡಿನ ಮಾಲು ಮಷೀನ್ ತುಂಬುವಷ್ಟು ಆಗಲಿ ಎಂದು ಅಲ್ಲಿ ಕಾಯಿಸುತ್ತಾರೆ. ಕಟಿಂಗ್ ಮಾಡುವಾಗಲೇ ವಾಷಿಂಗ್ ಮಷೀನಿನ ಅಳತೆಗೆ ಲಾಟ್ ಮಾಡಿದರೆ ಆ ಕಾಯುವಿಕೆ ಕಡಿಮೆಯಾಗುತ್ತದೆ. ಹಾಗೆ 10 ದಿನವನ್ನು 7ಕ್ಕೆ ತಂದರೆ 3 ದಿನ × ₹80,000, ಅಂದರೆ ₹2.4 ಲಕ್ಷ ಹೊರಗೆ ಬರುತ್ತದೆ.

ರೆಡಿ ಮಾಲಿನ 25 ದಿನ ಬೇರೆ ಕಥೆ. ಹೋಲ್‌ಸೇಲ್‌ನಲ್ಲಿ ಪ್ಯಾಂಟು ಹೋಗುವುದು ಸೈಜ್ ಸೆಟ್ ಲೆಕ್ಕದಲ್ಲಿ. 28ರಿಂದ 36ರವರೆಗೆ ಎಲ್ಲ ಸೈಜೂ ಇದ್ದರೆ ಪಾರ್ಟಿ ಎತ್ತಿಕೊಳ್ಳುತ್ತದೆ. 32, 34 ಖಾಲಿಯಾಗಿ ಬರೀ 28, 36 ಉಳಿದರೆ ಅದು ಒಡೆದ ಸೆಟ್. ಅದನ್ನು ಮುಟ್ಟುವವರಿಲ್ಲ. ನಮ್ಮ ₹20 ಲಕ್ಷದಲ್ಲಿ ಹೀಗೆ ಮೂರು ತಿಂಗಳು ದಾಟಿದ್ದು ₹7 ಲಕ್ಷ ಇದೆ. ಉಳಿದ ₹13 ಲಕ್ಷ ಚೆನ್ನಾಗಿಯೇ ಓಡುತ್ತಿದೆ, ಅದರ ಸುತ್ತು ಬರೀ 16 ದಿನ ಚಿಲ್ಲರೆ. ಸರಾಸರಿ 25 ಎನ್ನುವುದು ಓಡುವ ಮಾಲನ್ನೂ ಹೇಳಲಿಲ್ಲ, ಕೂತ ಮಾಲನ್ನೂ ಹೇಳಲಿಲ್ಲ.

ಈ ಒಡೆದ ಸೆಟ್‌ನಲ್ಲಿ ₹4 ಲಕ್ಷ ಅಸಲಿನದನ್ನು ಚಿಲ್ಲರೆ ಸೇಲ್‌ನವರಿಗೆ ₹3 ಲಕ್ಷಕ್ಕೆ ಕೊಟ್ಟುಬಿಟ್ಟರು ಎನ್ನಿ. ದಾಸ್ತಾನು ₹4 ಲಕ್ಷ ಇಳಿಯಿತು, ಕೈಗೆ ಬಂದದ್ದು ₹3 ಲಕ್ಷ, ₹1 ಲಕ್ಷ ನಷ್ಟ. ಈ ನಷ್ಟ ಒಂದು ಸಲದ್ದು, ಅದು ಸೆಟ್ ಒಡೆದ ದಿನವೇ ಆಗಿಹೋಗಿತ್ತು. ಬರೆದುಕೊಂಡಿರಲಿಲ್ಲ ಅಷ್ಟೇ. ಎರಡೂ ಕೆಲಸ ಸೇರಿ ದಾಸ್ತಾನು ₹6.4 ಲಕ್ಷ ಇಳಿದು ₹37.6 ಲಕ್ಷ ಆಯಿತು. 55 ದಿನ 47ಕ್ಕೆ ಬಂತು.

ಬಟ್ಟೆಯ 20 ದಿನವನ್ನು ನಾನು ಮುಟ್ಟುತ್ತಿಲ್ಲ. ಡೆನಿಮ್ ದೂರದಿಂದ ಲಾರಿಯಲ್ಲಿ ಬರಬೇಕು, ಶೇಡ್ ತಪ್ಪಿದರೆ ವಾಪಸ್ ಹೋಗಬೇಕು. ಅಲ್ಲಿ ಕೈ ಬಿಗಿ ಮಾಡಿದರೆ ಹೊಲಿಗೆ ಲೈನು ನಿಲ್ಲುತ್ತದೆ. ಲೈನು ಒಂದು ದಿನ ನಿಂತರೆ ಆಗುವ ಖರ್ಚಿನ ಮುಂದೆ ಉಳಿದ ಬಡ್ಡಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಬರಬೇಕಾದ 72 ದಿನ

ಟ್ಯಾಲಿಯಲ್ಲಿ Outstandings ತೆಗೆದು ಬಿಲ್‌ಗಳ ವಯಸ್ಸು ನೋಡಿ. ನಮ್ಮ ₹72 ಲಕ್ಷದಲ್ಲಿ 30 ದಿನದೊಳಗಿನದು ₹26 ಲಕ್ಷ, 31ರಿಂದ 60 ದಿನದ್ದು ₹20 ಲಕ್ಷ, 61ರಿಂದ 90ರದ್ದು ₹12 ಲಕ್ಷ, 90 ದಾಟಿದ್ದು ₹14 ಲಕ್ಷ. ಇದು ಸರಿಯಾಗಿ ಕಾಣಬೇಕಾದರೆ ಬಂದ ದುಡ್ಡನ್ನು ಬಿಲ್‌ಗೆ ಬಿಲ್ ಜಮಾ ಮಾಡಿರಬೇಕು. ಬಹಳ ಅಕೌಂಟೆಂಟುಗಳು ಪಾರ್ಟಿ ಖಾತೆಗೆ ಸುಮ್ಮನೆ ಮೊತ್ತ ಹಾಕಿಬಿಡುತ್ತಾರೆ. ಆಗ ಹೊಸ ಬಿಲ್‌ನ ದುಡ್ಡು ಬಂದರೂ ಹಳೆಯದು ತೀರಿತೋ ಇಲ್ಲವೋ ಗೊತ್ತಾಗುವುದಿಲ್ಲ, ವಯಸ್ಸಿನ ಪಟ್ಟಿಯೇ ಸುಳ್ಳಾಗುತ್ತದೆ.

90 ದಾಟಿದ ಬಿಲ್‌ಗಳನ್ನು ಒಂದೊಂದಾಗಿ ತೆಗೆದು ಪಾರ್ಟಿಗೆ ಫೋನ್ ಮಾಡಿ. ಬರುವ ಉತ್ತರ ಹೆಚ್ಚಾಗಿ ಹೀಗಿರುತ್ತದೆ: "ಅಣ್ಣ, ದುಡ್ಡಿಂದು ತೊಂದರೆ ಇಲ್ಲ, ಆ ಬಿಲ್‌ನಲ್ಲಿ ಹನ್ನೆರಡು ಪೀಸ್ ಶೇಡ್ ಬೇರೆ ಬಂದಿತ್ತಲ್ಲ, ಅದರ ಕ್ರೆಡಿಟ್ ನೋಟ್ ಕಳಿಸಿ, ಎಲ್ಲ ಒಟ್ಟಿಗೆ ಹಾಕಿಬಿಡ್ತೀನಿ." ಹನ್ನೆರಡು ಪೀಸ್ ತಕರಾರಿಗೆ ಮುನ್ನೂರು ಪೀಸಿನ ಬಿಲ್ ನಿಂತಿದೆ! ಇದು ವಸೂಲಿಯ ತೊಂದರೆ ಅಲ್ಲ, ನಮ್ಮ ಆಫೀಸಿನ ತೊಂದರೆ. ದೂರು ಬಂದ ವಾರದೊಳಗೆ ಕ್ರೆಡಿಟ್ ನೋಟ್ ಕಳಿಸುವ ಪದ್ಧತಿ ಮಾಡಿಕೊಂಡರೆ ಹಳೆಯ ಬಾಕಿಯಲ್ಲಿ ಒಂದು ದೊಡ್ಡ ಪಾಲು ತಾನಾಗಿ ಕರಗುತ್ತದೆ. ನಿಜವಾಗಿಯೂ ದುಡ್ಡಿಲ್ಲದ ಪಾರ್ಟಿ ಆಮೇಲೆ ಬೇರೆಯಾಗಿ ಎದ್ದು ಕಾಣುತ್ತದೆ. ಅವರಿಗೆ ಹಳೆಯದು ಬರುವ ತನಕ ಮಾಲು ನಿಲ್ಲಿಸುವುದು ಬಿಟ್ಟು ಬೇರೆ ಮಂತ್ರ ಇಲ್ಲ.

ಇನ್ನೊಂದು ಸಣ್ಣ ಗೊಂದಲ ದಿನ ಎಣಿಸುವುದರಲ್ಲೇ ಇರುತ್ತದೆ. ನಾವು ಬಿಲ್ ತಾರೀಕಿನಿಂದ 45 ದಿನ ಎಣಿಸುತ್ತೇವೆ. ಪಾರ್ಟಿ ಮಾಲು ಮುಟ್ಟಿದ ದಿನದಿಂದ ಎಣಿಸುತ್ತದೆ. ಟ್ರಾನ್ಸ್‌ಪೋರ್ಟ್‌ನಲ್ಲಿ ಮಾಲು ಒಂದು ವಾರ ತಡೆದರೆ ವಾಯಿದೆ ಸದ್ದಿಲ್ಲದೆ 52 ದಿನ ಆಗುತ್ತದೆ. ವಾಯಿದೆ ಎಷ್ಟು, ಯಾವ ದಿನದಿಂದ ಎಂದು ಬಿಲ್ ಮೇಲೆಯೇ ಅಚ್ಚು ಹಾಕಿಸಿ.

ಕಾನೂನು ಏನು ಹೇಳುತ್ತದೆ ಎನ್ನುವುದೂ ಗೊತ್ತಿರಲಿ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆ ರಕ್ಷಣೆ ಕೊಡುತ್ತದೆ. ಬರೆದ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಖರೀದಿದಾರ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಷ್ಟಿದ್ದರೂ ಪಾರ್ಟಿ ಮೇಲೆ ದೂರು ಕೊಡಲು ಯಾರೂ ಹೋಗುವುದಿಲ್ಲ. ಮುಂದಿನ ಆರ್ಡರ್ ಹೋಗುತ್ತದೆ ಎಂಬ ಭಯ. 2023-24ರ ಹಣಕಾಸು ವರ್ಷದಿಂದ 43B(h) ಎಂದು ಬಂದ ಆದಾಯ ತೆರಿಗೆಯ ನಿಯಮ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ವಾಯಿದೆ ಮೀರಿ ಉಳಿಸಿಕೊಂಡ ಬಾಕಿಯನ್ನು ಪಾರ್ಟಿ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಅಂದರೆ ನಿಮ್ಮ ಬಾಕಿಗೆ ಅವರು ತೆರಿಗೆ ಕಟ್ಟಬೇಕಾಗುತ್ತದೆ. ಬಿಲ್ ಮೇಲೆ ಉದ್ಯಮ್ ಸಂಖ್ಯೆ ಹಾಕಿಸಿ, ಉತ್ಪಾದಕರು ಎಂದು ಬರೆಸಿ. ಮಾತು ಪಾರ್ಟಿಯ ಆಡಿಟರ್ ಬಾಯಿಂದಲೇ ಬರುತ್ತದೆ, ನಮ್ಮ ಸಂಬಂಧ ಕೆಡುವುದಿಲ್ಲ. ಬರೀ ವ್ಯಾಪಾರ ಮಾಡುವವರಿಗೆ, ಉದ್ಯಮ್ ಇದ್ದರೂ, ಈ ರಕ್ಷಣೆ ಸಿಗುವುದಿಲ್ಲ.

ಹೀಗೆಲ್ಲ ಮಾಡಿ 90 ದಾಟಿದ ₹14 ಲಕ್ಷವನ್ನು ₹6 ಲಕ್ಷಕ್ಕೆ, 61-90ರ ₹12 ಲಕ್ಷವನ್ನು ₹8 ಲಕ್ಷಕ್ಕೆ ಇಳಿಸಿದರು ಎನ್ನೋಣ. ₹12 ಲಕ್ಷ ಬಂತು. ಬಾಕಿ ₹60 ಲಕ್ಷ, 60 ದಿನ.

ಕೊಡಬೇಕಾದ್ದನ್ನು ಎಳೆಯುವ ಮೊದಲು

ಇಲ್ಲಿ ಎಲ್ಲರೂ ಹೇಳುವ ಉಪಾಯ ಬಟ್ಟೆಯವರಿಗೆ ತಡಮಾಡಿ ಕೊಡಿ ಎಂದು. ದಿನದ ಬೆಲೆಯ ಚೀಟಿ ನೋಡಿ, ಇದೇ ಎಲ್ಲಕ್ಕಿಂತ ಅಗ್ಗದ ದಿನ. ಅದೂ ಅಲ್ಲದೆ, 40 ದಿನದ ಉದ್ರಿ ಪುಕ್ಕಟೆ ಅಲ್ಲ. ಬಟ್ಟೆಯವರು 7 ದಿನದಲ್ಲಿ ಕೊಟ್ಟರೆ ಶೇಕಡಾ 2 ಕ್ಯಾಶ್ ಡಿಸ್ಕೌಂಟ್ ಕೊಡುತ್ತೇವೆ ಎಂದರೆ, ಅದನ್ನು ಬಿಟ್ಟು 40ನೇ ದಿನ ಕೊಡುವುದು ₹98ಕ್ಕೆ 33 ದಿನಕ್ಕೆ ₹2 ಬಡ್ಡಿ ಕೊಟ್ಟಂತೆ. ವರ್ಷಕ್ಕೆ ಹಾಕಿ:

```
2 / 98 × 365 / 33 = 0.226
```

ಶೇಕಡಾ 22.6. ನಿಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್, ಅಂದರೆ ಓಡಿಯ, ಬಡ್ಡಿ ಶೇಕಡಾ 11 ಎನ್ನಿ. ಅಂದರೆ ಬ್ಯಾಂಕಿನಿಂದ ತೆಗೆದು ಬಟ್ಟೆಯವರಿಗೆ ಬೇಗ ಕೊಡುವುದೇ ಅರ್ಧ ಬೆಲೆಗೆ ಸಿಗುವ ಸಾಲ. ಒಂದು ತಿಂಗಳ ₹18 ಲಕ್ಷ ಖರೀದಿಗೆ ಡಿಸ್ಕೌಂಟ್ ₹36,000. ಉಳಿದ ₹17.64 ಲಕ್ಷಕ್ಕೆ 33 ದಿನದ ಓಡಿ ಬಡ್ಡಿ ಸುಮಾರು ₹17,500. ವ್ಯತ್ಯಾಸ ನಿಮ್ಮ ಜೇಬಿಗೆ.

ಡಿಸ್ಕೌಂಟ್ ಶೇಕಡಾ 1 ಆಗಿದ್ದರೆ ಇದೇ ಲೆಕ್ಕ ಸುಮಾರು 11ಕ್ಕೆ ಬಂದು ನಿಲ್ಲುತ್ತದೆ. ಆಗ ಬೇಗ ಕೊಟ್ಟರೂ ಒಂದೇ, ತಡವಾದರೂ ಒಂದೇ. ಹಾಗಾಗಿ ಸುಮ್ಮನೆ ಕೇಳಿದ್ದನ್ನು ನಂಬದೆ ನಿಮ್ಮ ಬಟ್ಟೆಯವರ ದರ ಹಾಕಿ ನೋಡಿ.

ನಮ್ಮ ಘಟಕ ಬೇಗ ಕೊಡಲು ಶುರು ಮಾಡಿತು. ಕೊಡಬೇಕಾದ ದಿನ 40ರಿಂದ 7ಕ್ಕೆ ಇಳಿಯಿತು. 33 ದಿನ × ₹60,000, ಅಂದರೆ ₹19.8 ಲಕ್ಷ ಹೆಚ್ಚು ಹಾಕಬೇಕಾಯಿತು. ಬಟ್ಟೆಯವರ ಬಾಕಿ ₹4.2 ಲಕ್ಷ ಮಾತ್ರ ಉಳಿಯಿತು.

ಈಗ ಸೂತ್ರ ಮತ್ತೆ ಹಾಕಿ. 47 + 60 − 7 = 100 ದಿನ. 87 ಇದ್ದದ್ದು 100 ಆಯಿತು! ಅನುಪಾತ ಮಾತ್ರ ನೋಡುವವರು ಘಟಕ ಹದಗೆಡುತ್ತಿದೆ ಎನ್ನುತ್ತಾರೆ. ರೂಪಾಯಿ ನೋಡಿ: 37.6 + 60 − 4.2 = ₹93.4 ಲಕ್ಷ. ಮೊದಲು ₹92 ಲಕ್ಷ ಇತ್ತು. ಹದಿಮೂರು ದಿನ ಹೆಚ್ಚಿದರೂ ಸಿಕ್ಕಿಬಿದ್ದ ದುಡ್ಡು ಹೆಚ್ಚಿದ್ದು ₹1.4 ಲಕ್ಷ. ವರ್ಷಕ್ಕೆ ಸಿಗುವ ಡಿಸ್ಕೌಂಟ್ ₹2.19 ಕೋಟಿಯ ಶೇಕಡಾ 2, ಅಂದರೆ ₹4.38 ಲಕ್ಷ.

ಬ್ಯಾಂಕ್ ಇದರಲ್ಲಿ ಎಷ್ಟು ಕೊಡುತ್ತದೆ

ಸಣ್ಣ ಘಟಕಗಳಿಗೆ ಬ್ಯಾಂಕುಗಳು ಇಂದಿಗೂ ಬಳಸುವ ಅಳತೆ 1992ರ ನಾಯಕ್ ಸಮಿತಿಯದು: ವರ್ಷದ ವಹಿವಾಟಿನ ಶೇಕಡಾ 25 ದುಡಿಯುವ ಬಂಡವಾಳ ಬೇಕು, ಅದರಲ್ಲಿ ಶೇಕಡಾ 5 ನಿಮ್ಮದು, 20 ಬ್ಯಾಂಕಿನದು. ಶೇಕಡಾ 25 ಎಂದರೆ ವರ್ಷಕ್ಕೆ ನಾಲ್ಕು ಸುತ್ತು, ಒಂದು ಸುತ್ತಿಗೆ ಸುಮಾರು 91 ದಿನ. ನಮ್ಮ ಘಟಕದ ₹92 ಲಕ್ಷ ಎಂದರೆ 92 ದಿನದ ಮಾರಾಟ, ಹೆಚ್ಚುಕಡಿಮೆ ಅದಕ್ಕೇ ಹೊಂದುತ್ತದೆ. ಲಿಮಿಟ್ ₹73 ಲಕ್ಷ ಮಂಜೂರಾಗುತ್ತದೆ.

ಆದರೆ ₹73 ಲಕ್ಷ ತೆಗೆಯಲು ಬಿಡುವುದಿಲ್ಲ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಡ್ರಾಯಿಂಗ್ ಪವರ್ ಎಷ್ಟು ಎಂದು ಅವರು ಹೇಳುತ್ತಾರೆ, ಅಷ್ಟೇ ತೆಗೆಯಬಹುದು. ಬ್ಯಾಂಕ್ ಸಾಲ ಕೊಡದೆ ಹೊರಗಿಡುವ ಪಾಲು, ಅಂದರೆ ಮಾರ್ಜಿನ್, ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ದಾಸ್ತಾನಿಗೆ ಶೇಕಡಾ 25, ಬಾಕಿಗೆ 40, 90 ದಿನ ದಾಟಿದ ಬಾಕಿಗೆ ಸಾಲವೇ ಇಲ್ಲ ಎಂದು ಇಟ್ಟುಕೊಳ್ಳೋಣ. ಸುಧಾರಣೆಗೆ ಮೊದಲು ದಾಸ್ತಾನು 44ರಲ್ಲಿ ಬಟ್ಟೆಯವರ 24 ಕಳೆದರೆ 20, ಅದರ ಶೇಕಡಾ 75 ಅಂದರೆ ₹15 ಲಕ್ಷ. 90 ದಿನದೊಳಗಿನ ಬಾಕಿ 58, ಅದರ ಶೇಕಡಾ 60 ಅಂದರೆ ₹34.8 ಲಕ್ಷ. ಒಟ್ಟು ₹49.8 ಲಕ್ಷ. ಬೇಕಾದ್ದು ₹92 ಲಕ್ಷ. ಉಳಿದ ₹42.2 ಲಕ್ಷ ಮಾಲೀಕರದು. ಶನಿವಾರದ ಪರದಾಟ ಇಲ್ಲಿಂದ ಬರುತ್ತದೆ.

ಸುಧಾರಣೆಯ ನಂತರ ದಾಸ್ತಾನು 37.6ರಲ್ಲಿ 4.2 ಕಳೆದರೆ 33.4, ಅದರ ಶೇಕಡಾ 75 ₹25.05 ಲಕ್ಷ. 90ರೊಳಗಿನ ಬಾಕಿ 54, ಅದರ ಶೇಕಡಾ 60 ₹32.4 ಲಕ್ಷ. ಒಟ್ಟು ₹57.45 ಲಕ್ಷ. ಮಾಲೀಕರ ಪಾಲು ₹36 ಲಕ್ಷಕ್ಕೆ ಇಳಿಯಿತು. ಬಟ್ಟೆಯವರ ಬಾಕಿ ಇಳಿದಾಗ ಬ್ಯಾಂಕ್ ತಾನೇ ಹೆಚ್ಚು ಕೊಡಲು ಒಪ್ಪುತ್ತದೆ. ಉದ್ರಿಗೆ ತಂದ ಮಾಲಿನ ಮೇಲೆ ಬ್ಯಾಂಕ್ ಸಾಲ ಕೊಡುವುದಿಲ್ಲವಲ್ಲ. ಹೆಚ್ಚಿದ ₹7.65 ಲಕ್ಷ ಸಾಲಕ್ಕೆ ವರ್ಷಕ್ಕೆ ಸುಮಾರು ₹84,000 ಬಡ್ಡಿ. ₹4.38 ಲಕ್ಷದ ಡಿಸ್ಕೌಂಟ್ ಮುಂದೆ ಅದು ಸಣ್ಣದು.

ಇಲ್ಲಿ ಒಂದು ಎಚ್ಚರ. ಸ್ಟೇಟ್‌ಮೆಂಟ್‌ನಲ್ಲಿ ಒಡೆದ ಸೆಟ್‌ಗಳನ್ನು ಪೂರ್ತಿ ಬೆಲೆಗೆ ತೋರಿಸಿ ಡ್ರಾಯಿಂಗ್ ಪವರ್ ಉಬ್ಬಿಸುವವರಿದ್ದಾರೆ. ಸ್ಟಾಕ್ ಆಡಿಟ್‌ಗೆ ಬಂದವರು ಹಳೆಯ ಬಂಡಲ್ ಬಿಚ್ಚಿಸಿ ನೋಡಿದ ದಿನ ಅದೆಲ್ಲ ಒಟ್ಟಿಗೆ ಕಳೆದುಹೋಗುತ್ತದೆ. ಆಗ ಓಡಿ ಮಿತಿ ದಾಟಿ ನಿಂತಿರುತ್ತದೆ, ಚೆಕ್‌ಗಳು ವಾಪಸ್ ಬರುತ್ತವೆ.

ದುಡ್ಡು ಅತಿ ಹೆಚ್ಚು ಬೇಕಾಗುವುದು ಯಾವ ತಿಂಗಳು?

ಸೀಸನ್‌ಗೆ ಮೊದಲು ಮಾಲು ಕೂಡಿಡುವಾಗ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಸುಧಾರಣೆಗೆ ಮುಂಚಿನ ಅಂಕಿಗಳನ್ನೇ ತೆಗೆಯಿರಿ. ಆಗಸ್ಟ್ ಕೊನೆಗೆ ದಾಸ್ತಾನು ₹62 ಲಕ್ಷ, ಬಾಕಿ ₹70 ಲಕ್ಷ, ಕೊಡಬೇಕಾದ್ದು ₹30 ಲಕ್ಷ. ಒಟ್ಟು ₹102 ಲಕ್ಷ. ಅಕ್ಟೋಬರ್ ಕೊನೆಗೆ ದಾಸ್ತಾನು ₹38 ಲಕ್ಷಕ್ಕೆ ಇಳಿದಿದೆ. ಆದರೆ ಬಾಕಿ ₹98 ಲಕ್ಷ, ಕೊಡಬೇಕಾದ್ದು ₹22 ಲಕ್ಷ. ಒಟ್ಟು ₹114 ಲಕ್ಷ. ಮಾಲು ಹೋದ ಮೇಲೆ ದುಡ್ಡಿನ ಬಿಗಿ ಇನ್ನೂ ಜಾಸ್ತಿ. ಗೋಡೌನ್ ಖಾಲಿಯಾಗಿದೆ ಎಂದು ನಿರಾಳವಾಗುವ ಹೊತ್ತಿಗೆ ದೀಪಾವಳಿ ಬೋನಸ್ ಕೊಡಬೇಕು, ವಾಷಿಂಗ್‌ನವರ ಬಿಲ್ ಕಟ್ಟಬೇಕು, ಅಕ್ಟೋಬರ್ ಮಾರಾಟದ ಜಿಎಸ್‌ಟಿಯನ್ನು ನವೆಂಬರ್ 20ರೊಳಗೆ ತುಂಬಬೇಕು. ಪಾರ್ಟಿ ದುಡ್ಡು ಕೊಟ್ಟಿರಲಿ, ಬಿಡಲಿ.

ಆ ದಿನದ ಡ್ರಾಯಿಂಗ್ ಪವರ್ ಲೆಕ್ಕ ಮಾಡಿ. 90 ದಾಟಿದ್ದು ಆಗಲೂ ₹14 ಲಕ್ಷವೇ ಎಂದರೆ ದಾಸ್ತಾನಿನ ಕಡೆ ₹12 ಲಕ್ಷ, ಬಾಕಿಯ ಕಡೆ ₹50.4 ಲಕ್ಷ, ಒಟ್ಟು ₹62.4 ಲಕ್ಷ. ಮಾಲೀಕರು ಹಾಕಬೇಕಾದ್ದು ₹51.6 ಲಕ್ಷ, ಸರಾಸರಿ ತಿಂಗಳಿಗಿಂತ ₹9.4 ಲಕ್ಷ ಜಾಸ್ತಿ. ಅದನ್ನು ಅಕ್ಟೋಬರ್‌ನಲ್ಲಿ ಹುಡುಕಲು ಹೋದರೆ ಕೈಸಾಲದ ಬಡ್ಡಿಗೆ ಸಿಗುತ್ತದೆ. ಜೂನ್‌ನಲ್ಲೇ ಬ್ಯಾಂಕಿಗೆ ತಿಂಗಳವಾರು ಅಂದಾಜು ಕೊಟ್ಟು, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಬಾಕಿಯ ಮೇಲಿನ ಮಾರ್ಜಿನ್ ಇಳಿಸಲು ಅಥವಾ ತಾತ್ಕಾಲಿಕ ಲಿಮಿಟ್ ಕೊಡಲು ಕೇಳಿ. ಕೇಳುವಾಗ ಹಿಂದಕ್ಕೆ ಎಣಿಸಿದ 71 ದಿನದ ಕಾಗದವನ್ನೂ ಜೊತೆಗೆ ಇಡಿ. ಬಾಕಿ ಉಬ್ಬಿದ್ದು ಮಾರಾಟದಿಂದ, ವಸೂಲಿ ಕೆಟ್ಟು ಅಲ್ಲ ಎಂದು ಮ್ಯಾನೇಜರ್‌ಗೆ ತೋರಿಸಲು ಅದೊಂದೇ ಸಾಕು.